ಡಾರ್ವಿನ್ನನ ಜೋಳ, 26,518ರ ಎರಡು ಹೋಳು

49, −67, 8, 16, 6, 23, 28, 41, 14, 29, 56, 24, 75, 60, −48.

ಈ ಹದಿನೈದು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಇವು ಮೆಕ್ಕೆಜೋಳದ ಗಿಡಗಳು! ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾರ್ವಿನ್ ಸ್ವಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಬೀಜ, ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಬೀಜ ಎರಡನ್ನೂ ಮರಳಿನಲ್ಲಿ ಮೊಳೆಸಿ, ಜೋಡಿ ಜೋಡಿಯಾಗಿ ನಾಲ್ಕು ಕುಂಡಗಳ ಎದುರುಬದುರು ಅಂಚಿನಲ್ಲಿ ನೆಟ್ಟ. ಗಿಡಗಳು ಎದ್ದ ಮೇಲೆ ಎತ್ತರ ಅಳೆದ. ಪ್ರತಿ ಜೋಡಿಯಲ್ಲೂ ಪರಕೀಯ ಗಿಡದ ಎತ್ತರದಿಂದ ಸ್ವಕೀಯ ಗಿಡದ ಎತ್ತರ ಕಳೆದರೆ ಬರುವ ವ್ಯತ್ಯಾಸವೇ ಮೇಲಿನ ಸಾಲು. ಅಳತೆ ಇಂಚಿನ ಎಂಟನೇ ಒಂದು ಭಾಗದಲ್ಲಿದೆ. ಮೊದಲ ಜೋಡಿಯ 49 ಎಂದರೆ ಪರಕೀಯ ಗಿಡ ಆರು ಇಂಚಿಗಿಂತ ಚೂರು ಹೆಚ್ಚು ಎತ್ತರ. ಎರಡನೇ ಜೋಡಿಯಲ್ಲಿ ಎಲ್ಲ ತಿರುವುಮುರುವು: ಪರಕೀಯ ಗಿಡ 12 ಇಂಚಿಗೇ ನಿಂತುಬಿಟ್ಟಿದೆ, ಪಕ್ಕದ ಸ್ವಕೀಯ ಗಿಡ 20 ಇಂಚು ದಾಟಿದೆ.

ಒಟ್ಟು 314, ಹದಿನೈದರಿಂದ ಭಾಗಿಸಿದರೆ ಸರಾಸರಿ 20.93. ಅಂದರೆ ಪರಕೀಯ ಗಿಡಗಳು ಸರಾಸರಿ ಎರಡೂವರೆ ಇಂಚಿಗಿಂತ ತುಸು ಹೆಚ್ಚು ಎತ್ತರ. ಇದು ಪರಾಗಸ್ಪರ್ಶದ ಗುಣವೋ, ಹದಿನೈದೇ ಜೋಡಿಗಳ ಅದೃಷ್ಟದಾಟವೋ? ಡಾರ್ವಿನ್ನನಿಗೂ ಅನುಮಾನವಿತ್ತು. ತನ್ನ ಬಂಧು ಫ್ರಾನ್ಸಿಸ್ ಗಾಲ್ಟನ್ನನ ಮುಂದೆ ಅಂಕಿಗಳನ್ನು ಇಟ್ಟ. ಗಾಲ್ಟನ್ ಅವನ್ನು ಎತ್ತರದ ಕ್ರಮದಲ್ಲಿ ಮರುಜೋಡಿಸಿ ನೋಡಿ, ಇಷ್ಟು ಸಾಲದು, ಒಂದೊಂದು ಬಗೆಯಲ್ಲೂ ಕನಿಷ್ಠ ಐವತ್ತು ಗಿಡ ಬೇಕು ಎಂದ. 1876ರ ಪುಸ್ತಕದಲ್ಲಿ ಡಾರ್ವಿನ್ ಆ ಅಭಿಪ್ರಾಯವನ್ನೂ ಅಚ್ಚು ಹಾಕಿಸಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1935ರಲ್ಲಿ ರೊನಾಲ್ಡ್ ಫಿಶರ್ ತನ್ನ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ ಇದೇ ಹದಿನೈದು ಅಂಕಿಗಳನ್ನು ಎತ್ತಿಕೊಂಡ. ಹೊಸ ಗಿಡ ನೆಡಲಿಲ್ಲ, ಹೊಸ ಅಳತೆ ಮಾಡಲಿಲ್ಲ. ಗಾಲ್ಟನ್ ಕಲಸಿಹಾಕಿದ ಜೋಡಿಗಳನ್ನು ಮತ್ತೆ ಜೋಡಿಯಾಗಿಯೇ ಇಟ್ಟು, ಒಂದು ಮೊತ್ತ ಕಟ್ಟಿದ. ವಿಚಲನೆಗಳ ವರ್ಗಗಳ ಮೊತ್ತ. ಆ ಮೊತ್ತದೊಳಗೆ ಏನೇನು ಅಡಗಿದೆ ಎಂದು ಬಿಡಿಸುತ್ತಾ ಹೋದರೆ ತಲೆ ತಿರುಗುತ್ತದೆ.

ವಿಚಲನೆ ಎಂದರೆ ಒಂದು ಅಂಕಿ ಸರಾಸರಿಯಿಂದ ಎಷ್ಟು ದೂರ ಸರಿದಿದೆ ಎಂಬುದು, ಅಷ್ಟೇ. 49ರದ್ದು 28.07. 24ರದ್ದು ಬರೀ 3.07. −67ರದ್ದು −87.93. ಗಿಡಗಳು ಒಂದರಂತೆ ಒಂದು ಬೆಳೆದಿದ್ದರೆ ಇವೆಲ್ಲ ಸಣ್ಣವಿರುತ್ತಿದ್ದವು, ಚೆಲ್ಲಾಪಿಲ್ಲಿಯಾದಷ್ಟೂ ದೊಡ್ಡವಾಗುತ್ತವೆ. ಚೆಲ್ಲಾಟ ಎಷ್ಟೆಂದು ತಿಳಿಯಬೇಕಾದರೆ ಎಲ್ಲವನ್ನೂ ಕೂಡಿದರೆ ಆಯಿತಲ್ಲ? ಕೂಡಿ ನೋಡಿ: ಸೊನ್ನೆ! ಯಾವ ಅಂಕಿಗಳನ್ನು ತೆಗೆದುಕೊಂಡರೂ ಸೊನ್ನೆಯೇ. ಸರಾಸರಿ ಇರುವುದೇ ಮೇಲಿನ ಹೆಚ್ಚಳವೂ ಕೆಳಗಿನ ಕೊರತೆಯೂ ಸರಿಸಮವಾಗುವ ಜಾಗದಲ್ಲಿ. ಹಾಗಾಗಿ ಬರಿಯ ವಿಚಲನೆಗಳ ಮೊತ್ತ ಏನನ್ನೂ ಹೇಳುವುದಿಲ್ಲ. ಈ ಸೊನ್ನೆಯನ್ನು ಮಾತ್ರ ಮರೆಯಬೇಡಿ. ಈಗ ಅಡ್ಡಿಯಂತೆ ಕಾಣುತ್ತಿರುವ ಅದೇ ಸೊನ್ನೆ ಇನ್ನೊಂದು ಗಳಿಗೆಯಲ್ಲಿ ಇಡೀ ಯಂತ್ರವನ್ನು ಓಡಿಸಲಿದೆ.

ಋಣಚಿಹ್ನೆಯನ್ನು ತೊಲಗಿಸಲು ಎರಡು ದಾರಿ. ಚಿಹ್ನೆಯನ್ನು ಸುಮ್ಮನೆ ಬಿಟ್ಟುಬಿಡುವುದು ಒಂದು, ವರ್ಗ ಮಾಡುವುದು ಇನ್ನೊಂದು. ಮೊದಲನೆಯದು ಸುಲಭ, ನೇರ. ಆದರೂ ಸಂಖ್ಯಾಶಾಸ್ತ್ರದವರು ಎರಡನೆಯದಕ್ಕೇ ಜೋತುಬಿದ್ದರು. ಋಣವನ್ನು ಧನ ಮಾಡುವುದಕ್ಕೆ ವರ್ಗ ಎಂದು ತರಗತಿಯಲ್ಲಿ ಹೇಳಿ ಮುಗಿಸುತ್ತಾರೆ. ಅದು ಅರ್ಧ ಉತ್ತರವೂ ಅಲ್ಲ. ಪೂರ್ತಿ ಉತ್ತರ ಮೊತ್ತ ಹಾಕುವಾಗಲೇ ಕಾಣುವುದು.

ನೇರವಾಗಿ ಹಾಕುವುದಾದರೆ, 28.07ರ ವರ್ಗ, 87.93ರ ವರ್ಗ ಎಂದು ಹದಿನೈದು ದಶಮಾಂಶದ ಗುಣಾಕಾರ. ಕೈಲೆಕ್ಕದವರಿಗೆ ಬೇಸರ. ಆದ್ದರಿಂದ 20.93ರ ಬದಲು ದುಂಡಾದ 20ನ್ನು ಕಳೆಯೋಣ. ಹೈಸ್ಕೂಲಿನಲ್ಲಿ ‘ಅಂದಾಜು ಸರಾಸರಿ’ ಎಂದು ಕಲಿತವರಿಗೆ ಇದು ನೆನಪಿರಬಹುದು. ಸಾಲು ಹೀಗಾಗುತ್ತದೆ:

29, −87, −12, −4, −14, 3, 8, 21, −6, 9, 36, 4, 55, 40, −68.

ಎಲ್ಲ ಪೂರ್ಣಾಂಕ. ವರ್ಗಗಳನ್ನು ಒಂದರ ಕೆಳಗೊಂದು ಬರೆದು ಕೂಡಿದರೆ 19,958. ಇದು ಬೇಕಾದ ಉತ್ತರವಲ್ಲ. ನಾವು ನಿಜವಾದ ಸರಾಸರಿಯಿಂದ ಅಳೆಯಲಿಲ್ಲವಲ್ಲ. ಈಗ ಚಿಹ್ನೆ ಸಮೇತ ಅದೇ ಸಾಲನ್ನು ಕೂಡಿ: 14. ಇದರ ವರ್ಗ 196, ಹದಿನೈದರಿಂದ ಭಾಗಿಸಿದರೆ 13.07. ಅದನ್ನು 19,958ರಿಂದ ಕಳೆದರೆ 19,944.93. ಇದೇ, ದಶಮಾಂಶಗಳ ಜೊತೆ ಹೆಣಗಾಡಿದ್ದರೂ ಬರುತ್ತಿದ್ದ ನಿಖರ ಮೊತ್ತ!

ಇನ್ನೂ ಧೈರ್ಯ ಮಾಡೋಣ. ಏನನ್ನೂ ಕಳೆಯುವುದೇ ಬೇಡ. ಮೂಲ ಅಂಕಿಗಳ ವರ್ಗಗಳನ್ನೇ ಕೂಡಿದರೆ 26,518. ಮೂಲ ಮೊತ್ತ 314ರ ವರ್ಗವನ್ನು 15ರಿಂದ ಭಾಗಿಸಿದರೆ 6,573.07. ಕಳೆಯಿರಿ. ಮತ್ತೆ 19,944.93! ಎಲ್ಲಿಂದ ಹೊರಟರೂ ಒಂದೇ ಊರು.

ಇದು ಕೈಚಳಕವಲ್ಲ. ಯಾವುದೋ ಜಾಗ a ಯಿಂದ ಒಂದು ಅಂಕಿಗಿರುವ ದೂರವನ್ನು ಎರಡು ತುಂಡು ಮಾಡಬಹುದು: ಅಂಕಿಯಿಂದ ಸರಾಸರಿಯವರೆಗೆ, ಸರಾಸರಿಯಿಂದ a ವರೆಗೆ. ಎರಡು ತುಂಡುಗಳ ಮೊತ್ತವನ್ನು ವರ್ಗ ಮಾಡಿದರೆ ಎರಡು ವರ್ಗಗಳ ಜೊತೆ ನಡುವೆ ಒಂದು ಗುಣಲಬ್ಧವೂ ಬರುತ್ತದೆ. ಆ ಗುಣಲಬ್ಧವನ್ನು ಹದಿನೈದು ಅಂಕಿಗಳಿಗೂ ಕೂಡಿದಾಗ ಅದರೊಳಗೆ ಉಳಿಯುವುದು ವಿಚಲನೆಗಳ ಮೊತ್ತ. ಅದು ಸೊನ್ನೆ! ನಡುವಿನ ತೊಡಕು ಗುರುತೇ ಇಲ್ಲದಂತೆ ಅಳಿಸಿಹೋಗುತ್ತದೆ. ಉಳಿಯುವುದು ಇಷ್ಟು:

Σ(x − a)² = Σ(x − x̄)² + n(x̄ − a)²

ಎಡಗಡೆ, ಎಲ್ಲಿಂದಾದರೂ ಅಳೆದ ವರ್ಗಗಳ ಮೊತ್ತ. ಬಲಗಡೆ ಮೊದಲು ಸರಾಸರಿಯಿಂದ ಅಳೆದ ಮೊತ್ತ, ಆಮೇಲೆ ಒಂದು ದಂಡ: ಸರಾಸರಿಯಿಂದ ಎಷ್ಟು ದೂರ ನಿಂತೆವೋ ಅದರ ವರ್ಗ, ಅಂಕಿಗಳ ಸಂಖ್ಯೆಯಷ್ಟು ಪಟ್ಟು. ದಂಡ ಎಂದೂ ಋಣವಾಗುವುದಿಲ್ಲ. ಆದ್ದರಿಂದ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ಒಂದೇ ಒಂದು ಜಾಗ ಜಗತ್ತಿನಲ್ಲಿದ್ದರೆ ಅದು ಸರಾಸರಿ. ಚಿಹ್ನೆ ಬಿಟ್ಟು ಕೂಡುವ ದಾರಿಯಲ್ಲಿ ಈ ಗೌರವ ಸರಾಸರಿಗೆ ಸಿಗುವುದಿಲ್ಲ, ಮಧ್ಯಾಂಕಕ್ಕೆ ಸಿಗುತ್ತದೆ; ಇಷ್ಟು ಚೊಕ್ಕವಾದ ವಿಭಜನೆಯಂತೂ ಅಲ್ಲಿ ಇಲ್ಲವೇ ಇಲ್ಲ. ವರ್ಗವನ್ನೇ ಹಿಡಿದುಕೊಂಡಿದ್ದು ಈ ವಿಭಜನೆಗಾಗಿ. ಚಿಹ್ನೆ ಹೋಗಿದ್ದು ಅದರ ಜೊತೆ ಬಂದ ಲಾಭ.

ಈಗ ಬರುತ್ತದೆ ನೋಡಿ, ನನ್ನನ್ನು ದಂಗುಬಡಿಸಿದ ಭಾಗ. 26,518 ಎಂಬ ಇಡೀ ಮೊತ್ತ ಎರಡು ಹೋಳಾಗಿದೆ: 6,573.07 ಮತ್ತು 19,944.93. ಮೊದಲ ಹೋಳು ‘ಸರಾಸರಿ ಸೊನ್ನೆಯಿಂದ ದೂರವಿದೆ’ ಎಂಬುದರ ಪಾಲು, ಅಂದರೆ ಪರಾಗಸ್ಪರ್ಶದ ಪರಿಣಾಮ ಇದ್ದರೆ ಅದು ಕಾಣಿಸಬೇಕಾದ ಜಾಗ. ಎರಡನೆಯದು ಗಿಡಗಳ ಸ್ವಂತ ಚೆಲ್ಲಾಟದ ಪಾಲು. ಒಂದರಲ್ಲಿ ಇನ್ನೊಂದರ ಸೋಂಕಿಲ್ಲ. ಎರಡು ಬಾಹುಗಳ ವರ್ಗ ಕೂಡಿದರೆ ಕರ್ಣದ ವರ್ಗ ಎಂದು ಓದಿದ್ದೇವಲ್ಲ, ಅದೇ ಪೈಥಾಗೊರಸ್ ಪ್ರಮೇಯ ಇದು! ಹದಿನೈದು ಅಂಕಿಗಳನ್ನು ಹದಿನೈದು ಆಯಾಮದ ಆಕಾಶದಲ್ಲಿ ಒಂದು ಬಿಂದು ಎಂದುಕೊಳ್ಳಿ. ಮೂಲಬಿಂದುವಿನಿಂದ ಅಲ್ಲಿಗಿರುವ ದೂರದ ವರ್ಗ 26,518. ಒಂದು ಬಾಹು ಸರಾಸರಿಯ ದಿಕ್ಕಿನಲ್ಲಿ, ಇನ್ನೊಂದು ಅದಕ್ಕೆ ಲಂಬವಾಗಿ. ಕುಂಡದಲ್ಲಿ ಬೆಳೆದ ಜೋಳ ನಮಗೆ ಲಂಬಕೋನ ತ್ರಿಭುಜವನ್ನು ಕೊಟ್ಟಿದೆ.

ಸರಾಸರಿಯ ದಿಕ್ಕು ಒಂದೇ. ಮಿಕ್ಕ ದಿಕ್ಕುಗಳು ಹದಿನಾಲ್ಕು. ಇದಕ್ಕೇ ವಿಚಲನೆಗಳ ವರ್ಗಗಳ ಮೊತ್ತವನ್ನು 15ರಿಂದ ಭಾಗಿಸದೆ 14ರಿಂದ ಭಾಗಿಸುವುದು. ಹದಿನಾಲ್ಕು ವಿಚಲನೆಗಳು ಗೊತ್ತಾದರೆ ಹದಿನೈದನೆಯದಕ್ಕೆ ಸ್ವಾತಂತ್ರ್ಯವಿಲ್ಲ. ಒಟ್ಟು ಸೊನ್ನೆಯಾಗಬೇಕೆಂಬ ಕಟ್ಟುಪಾಡು ಅದನ್ನು ನಿರ್ಧರಿಸಿಬಿಡುತ್ತದೆ. ಮತ್ತೆ ಆ ಸೊನ್ನೆ! ಭಾಗಿಸಿದರೆ ಒಂದೊಂದು ದಿಕ್ಕಿಗೆ ಸರಾಸರಿ 1,424.64 ಬೀಳುತ್ತದೆ. ಪರಾಗಸ್ಪರ್ಶದಿಂದ ಏನೂ ಆಗದಿದ್ದರೆ ಸರಾಸರಿಯ ದಿಕ್ಕಿಗೂ ಹೆಚ್ಚುಕಡಿಮೆ ಇಷ್ಟೇ ಸಿಗಬೇಕಿತ್ತು. ಸಿಕ್ಕಿರುವುದು 6,573, ಅಂದರೆ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಆ ಅನುಪಾತದ ವರ್ಗಮೂಲ 2.148. ಫಿಶರ್ ಇದನ್ನೇ t ಎಂದು ಬರೆದ. ನೂರರಲ್ಲಿ ಐದು ಸಲ ಮಾತ್ರ ಆಕಸ್ಮಿಕವಾಗಿ ದಾಟಬಹುದಾದ ಗೆರೆ, ಹದಿನಾಲ್ಕು ದಿಕ್ಕುಗಳಿಗೆ, 2.145. ಡಾರ್ವಿನ್ನನ ಜೋಳ ಗೆರೆ ದಾಟಿತು. ಎಷ್ಟರಿಂದ? 0.003ರಿಂದ!

ಕೂದಲೆಳೆಯ ಈ ಗೆಲುವು ಫಿಶರನಿಗೂ ಸಾಕೆನಿಸಲಿಲ್ಲವೇನೋ. ಅದೇ ಅಧ್ಯಾಯದಲ್ಲಿ ಇನ್ನೊಂದು ದಾರಿ ಹಿಡಿದ. ಪರಿಣಾಮವೇ ಇಲ್ಲವೆಂದಾದರೆ ಪ್ರತಿ ವ್ಯತ್ಯಾಸದ ಚಿಹ್ನೆ ಧನವೋ ಋಣವೋ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ. ಹದಿನೈದು ಚಿಹ್ನೆಗಳಿಗೆ 32,768 ಜೋಡಣೆಗಳು. ಅವುಗಳಲ್ಲಿ ಎರಡೂ ಬದಿ ಸೇರಿ 1,726 ಜೋಡಣೆಗಳಲ್ಲಿ ಮಾತ್ರ ಮೊತ್ತ 314ನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ. ಅಂದರೆ 5.27 ಪ್ರತಿಶತ. ವರ್ಗಗಳ ದಾರಿಯಲ್ಲಿ ಗೆರೆಯ ಕೂದಲಷ್ಟು ಆಚೆ, ಎಣಿಕೆಯ ದಾರಿಯಲ್ಲಿ ಕೂದಲಷ್ಟು ಈಚೆ. ಎರಡು ದಾರಿಗಳೂ ಇಷ್ಟು ಹತ್ತಿರ ಬಂದು ನಿಂತದ್ದೇ ಬೆರಗು. ಐದು ಪ್ರತಿಶತದ ಗೆರೆಯನ್ನು ಕಲ್ಲಿನ ಗೋಡೆ ಎಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಇನ್ನು 19,944.93ರ ಒಳಗೆ ಇಣುಕೋಣ. ಹದಿನೈದು ವರ್ಗಗಳಲ್ಲಿ ಯಾವುದರ ಪಾಲು ಎಷ್ಟು? −67 ಒಂದೇ 7,732ನ್ನು ಹೊತ್ತಿದೆ. −48 ಇನ್ನೊಂದು 4,752. ಎರಡೂ ಸೇರಿ ಸುಮಾರು 12,484. ಮೊತ್ತದ ನೂರಕ್ಕೆ ಅರವತ್ತೆರಡಕ್ಕಿಂತ ಹೆಚ್ಚು ಬರೀ ಎರಡು ಜೋಡಿಗಳದ್ದು! ಉಳಿದ ಹದಿಮೂರು ಜೋಡಿಗಳಿಗೆ ಮಿಕ್ಕಿದ್ದು ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ದೂರ ಎರಡು ಪಟ್ಟಾದರೆ ವರ್ಗ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ದೂರ ಹೋದವರ ದನಿ ಇಲ್ಲಿ ಬಹಳ ಜೋರು.

ಇದು ಗುಣವೋ ದೋಷವೋ ಎಂಬ ಜಗಳ ಹಳೆಯದು. ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ 1914ರಲ್ಲಿ ಚಿಹ್ನೆ ಬಿಟ್ಟು ಕೂಡುವುದೇ ಮೇಲು ಎಂದಿದ್ದ. 1920ರಲ್ಲಿ ಫಿಶರ್ ತಿರುಗಿಬಿದ್ದ: ಅಂಕಿಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಯಿಂದ ಬಂದಿದ್ದರೆ, ವರ್ಗದ ದಾರಿಯಲ್ಲಿ 100 ಅಳತೆಗಳು ಚೆಲ್ಲಾಟದ ಬಗ್ಗೆ ಹೇಳುವಷ್ಟನ್ನು ಹೇಳಲು ಇನ್ನೊಂದು ದಾರಿಗೆ 114 ಅಳತೆಗಳು ಬೇಕು. ಲೆಕ್ಕ ಸರಿ. ಆದರೆ ಆ ‘ಬಂದಿದ್ದರೆ’ ಮುಖ್ಯ. ಅಲ್ಲೊಂದು ಇಲ್ಲೊಂದು ಅಂಕಿ ತೀರ ದೂರಕ್ಕೆ ಸಿಡಿಯುವ ದತ್ತಾಂಶದಲ್ಲಿ ತಕ್ಕಡಿ ಎಡಿಂಗ್ಟನ್ನನ ಕಡೆಗೆ ವಾಲುತ್ತದೆ ಎಂದು 1960ರಲ್ಲಿ ಜಾನ್ ಟ್ಯೂಕಿ ತೋರಿಸಿದ. ಡಾರ್ವಿನ್ನನ ಜೋಳ ಯಾವ ಜಾತಿಯದ್ದು? −67, −48 ಅನ್ನು ನೋಡಿದರೆ ನನಗಂತೂ ಟ್ಯೂಕಿಯ ಕಡೆಯದ್ದೇ ಅನಿಸುತ್ತದೆ.

ಮೊತ್ತ ಹಾಕುವ ಕೆಲಸದಲ್ಲಿ ಕಾಲು ಜಾರುವ ಜಾಗವೂ ಇದೆ, ಅದೂ ಅಷ್ಟೇ ಸೋಜಿಗದ್ದು. 20.93 ಎಂಬ ಸರಾಸರಿಯನ್ನು ಯಾರೋ ಅವಸರದಲ್ಲಿ 21 ಎಂದು ದುಂಡು ಮಾಡಿದರು ಅನ್ನಿ. ಉದ್ದದ ದಾರಿಯಲ್ಲಿ, ಅಂದರೆ ಪ್ರತಿ ಅಂಕಿಯಿಂದ 21 ಕಳೆದು ವರ್ಗಿಸಿ ಕೂಡಿದರೆ, ಬರುವುದು 19,945. ತಪ್ಪು 0.07 ಮಾತ್ರ! ಸರಾಸರಿಯ ಹತ್ತಿರವೇ ನಿಂತಿದ್ದೇವೆ, ದಂಡ ಸಣ್ಣದು. ಆದರೆ ಅದೇ 21ನ್ನು ಅಡ್ಡದಾರಿಯಲ್ಲಿ ಹಾಕಿ, 26,518ರಿಂದ 21ರ ವರ್ಗದ ಹದಿನೈದು ಪಟ್ಟನ್ನು ಕಳೆಯಿರಿ: 19,903. ತಪ್ಪು ಸುಮಾರು 42. ದುಂಡು ಮಾಡಿದ್ದು ಒಂದೇ ಸಲ, ಒಂದೇ ಅಂಕಿಯನ್ನು. ತಪ್ಪು ಮಾತ್ರ ಆರು ನೂರು ಪಟ್ಟು! ಅಡ್ಡದಾರಿ ಹಿಡಿಯುವವರು ಸರಾಸರಿಯನ್ನು ಮುಟ್ಟದೆ ಮೊತ್ತ 314ರ ವರ್ಗವನ್ನೇ 15ರಿಂದ ಭಾಗಿಸಬೇಕು ಎನ್ನುವುದು ಇದಕ್ಕೇ.

ಕಂಪ್ಯೂಟರಿಗೆ ಕೊಟ್ಟರೆ ಈ ತೊಂದರೆ ಇರಲಾರದು ಎನ್ನುತ್ತೀರಾ? ಅಲ್ಲಿ ಇನ್ನೂ ಭಯಂಕರ. 4, 7, 13, 16 ಎಂಬ ನಾಲ್ಕು ಅಂಕಿಗಳು. ಸರಾಸರಿ 10, ವಿಚಲನೆಗಳ ವರ್ಗಗಳ ಮೊತ್ತ 36 + 9 + 9 + 36, ಅಂದರೆ 90. ಪ್ರತಿಯೊಂದಕ್ಕೂ ನೂರು ಕೋಟಿ ಸೇರಿಸಿ. ಎಲ್ಲ ಒಟ್ಟಿಗೆ ಸರಿದವು, ಚೆಲ್ಲಾಟ ಬದಲಾಗಲಿಲ್ಲ, ಮೊತ್ತ ಈಗಲೂ 90. ಆದರೆ ಅಡ್ಡದಾರಿಯ ಸೂತ್ರದಲ್ಲಿ ವರ್ಗಗಳ ಮೊತ್ತ 4ರ ಮುಂದೆ ಹದಿನೆಂಟು ಸೊನ್ನೆಯಷ್ಟು ಬೆಳೆಯುತ್ತದೆ. ಮಾಮೂಲಿ 64 ಬಿಟ್‌ಗಳ ದಶಮಾಂಶ ಸಂಖ್ಯೆ ಹಿಡಿದಿಡಬಲ್ಲದ್ದು ಹೆಚ್ಚೆಂದರೆ ಹದಿನೈದು ಹದಿನಾರು ಅಂಕೆಗಳನ್ನು. ಅಷ್ಟು ಎತ್ತರದಲ್ಲಿ ಒಂದು ಸಂಖ್ಯೆಗೂ ಅದರ ಪಕ್ಕದ ಸಂಖ್ಯೆಗೂ ನಡುವೆ 512ರ ಕಂದಕ! ಹೀಗಾಗಿ ಎರಡು ದೈತ್ಯ ಸಂಖ್ಯೆಗಳನ್ನು ಕಳೆದಾಗ 0 ಬರಬಹುದು, 512 ಬರಬಹುದು, −512 ಕೂಡ ಬರಬಹುದು. 90 ಮಾತ್ರ ಯಾವ ಕಾರಣಕ್ಕೂ ಬರಲಾರದು. ವರ್ಗಗಳ ಮೊತ್ತ ಋಣವಾಗಿ ಕಂಡರೆ ಮೋಸ ತಕ್ಷಣ ಗೊತ್ತಾಗುತ್ತದೆ. 512 ಎಂದು ಕಂಡರೆ ಯಾರಿಗೆ ಅನುಮಾನ ಬಂದೀತು? ಅಂಕಿಗಳು ಕೋಟಿಗಳಲ್ಲಿದ್ದು ಅವುಗಳ ನಡುವಿನ ವ್ಯತ್ಯಾಸ ಕೈಬೆರಳಲ್ಲಿ ಎಣಿಸುವಷ್ಟಿದ್ದರೆ ಎಚ್ಚರವಾಗಬೇಕು. ಅಂಥ ಕಡೆ ಮೊದಲು ಎಲ್ಲದರಿಂದ ಯಾವುದಾದರೊಂದು ಹತ್ತಿರದ ಅಂಕಿಯನ್ನು ಕಳೆದುಬಿಡಬೇಕು. ನಾವು 20 ಕಳೆದೆವಲ್ಲ, ಹಾಗೆ. ಹೈಸ್ಕೂಲಿನ ಅಂದಾಜು ಸರಾಸರಿಯೇ ಕಂಪ್ಯೂಟರನ್ನೂ ಕಾಪಾಡುತ್ತದೆ.

ಅಂಕಿಗಳು ಒಂದೊಂದಾಗಿ ಬರುತ್ತಾ ಇದ್ದು, ಹಿಂದಿನದನ್ನೆಲ್ಲ ಕೂಡಿಡಲು ಜಾಗವಿಲ್ಲದಿದ್ದರೆ? ಅದಕ್ಕೂ 1962ರಲ್ಲಿ ಬಿ. ಪಿ. ವೆಲ್ಫರ್ಡ್ ಒಂದು ಉಪಾಯ ಪ್ರಕಟಿಸಿದ. ಹೊಸ ಅಂಕಿ ಬಂದಾಗ ಹಳೆಯ ಸರಾಸರಿಯಿಂದ ಅದರ ದೂರ, ಹೊಸ ಸರಾಸರಿಯಿಂದ ಅದರ ದೂರ, ಎರಡನ್ನೂ ಗುಣಿಸಿ ಮೊತ್ತಕ್ಕೆ ಸೇರಿಸುವುದು. 49 ಬಂತು: ಸರಾಸರಿ 49, ಮೊತ್ತ ಸೊನ್ನೆ. −67 ಬಂತು: ಹಳೆಯ ಸರಾಸರಿಯಿಂದ −116, ಹೊಸ ಸರಾಸರಿ −9ರಿಂದ −58, ಗುಣಿಸಿದರೆ 6,728. ಹೀಗೆ ಹದಿನೈದನೆಯ ಅಂಕಿ ಮುಟ್ಟುವಷ್ಟರಲ್ಲಿ ಅದೇ 19,944.93 ಕೈಗೆ ಬಂದಿರುತ್ತದೆ, ಎಲ್ಲೂ ದೈತ್ಯ ಸಂಖ್ಯೆಗಳನ್ನು ಕಳೆಯದೆ.

ನಿಮ್ಮ ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ A1ರಿಂದ A15ರವರೆಗೆ ಡಾರ್ವಿನ್ನನ ಅಂಕಿಗಳನ್ನು ತುಂಬಿ =DEVSQ(A1:A15) ಎಂದು ಟೈಪ್ ಮಾಡಿ ನೋಡಿ; ಈ ಮೊತ್ತಕ್ಕೆಂದೇ ಇರುವ ಫಂಕ್ಷನ್ ಅದು. ಆಮೇಲೆ −67 ಮತ್ತು −48 ಇರುವ ಎರಡು ಕೋಶಗಳನ್ನು ಖಾಲಿ ಮಾಡಿ. ಸರಾಸರಿ ಸರಿಯಾಗಿ 33ಕ್ಕೆ ಏರುತ್ತದೆ, 19,944.93 ಇದ್ದದ್ದು 5,568ಕ್ಕೆ ಕುಸಿಯುತ್ತದೆ. ನೋಡಿಯಾದ ಮೇಲೆ ಆ ಎರಡನ್ನೂ ತಿರುಗಿ ತುಂಬಿ: ಆ ಗಿಡಗಳು ಕುಂಡದಲ್ಲಿ ನಿಜವಾಗಿ ಬೆಳೆದದ್ದೇ ಅಷ್ಟು, ಅವನ್ನು ಹೊರಗಿಡಲು ನಮ್ಮ ಬಳಿ ಕಾರಣವಿಲ್ಲ.